ಟಿಪ್ಪರ್ ಲೆಕ್ಕಕ್ಕೂ ರಸ್ತೆ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ?

ಅರಸೀಕೆರೆಯ ಬಯಲು ಬಿಟ್ಟು ಹಳೇಬೀಡು ದಾಟಿ ಬೇಲೂರಿನ ಕಡೆ ಹೋದಂತೆ ಮಳೆ ಜಾಸ್ತಿ ಆಗುತ್ತೆ. ಅಲ್ಲಿ ಹಳ್ಳಿ ರಸ್ತೆಯ ಅಡಿಪಾಯ ಮೂರು ಸೆಂಟಿಮೀಟರ್ ತೆಳುವಾದರೂ ಅದರ ಫಲ ಬೇಗ ಕಾಣುತ್ತೆ. ಆ ಮೂರು ಸೆಂಟಿಮೀಟರ್ ಎಲ್ಲಿ ಹೋಗುತ್ತೆ ಅನ್ನೋದೇ ಇವತ್ತಿನ ಮಾತು.

ಒಂದು ಲೆಕ್ಕ ಹಾಕೋಣ. ರಸ್ತೆ 1 ಕಿಲೋಮೀಟರ್ ಉದ್ದ, 3.75 ಮೀಟರ್ ಅಗಲ ಅಂದ್ಕೊಳ್ಳಿ. ಮಣ್ಣಿನ ಮೇಲೆ ಮೊದಲು ಜಿಎಸ್‌ಬಿ, ಅಂದರೆ ಮೊರಂ, ಜಲ್ಲಿ, ಮರಳು ಬೆರೆತ ಪದರ. ಅದು 150 ಮಿಲಿಮೀಟರ್ ದಪ್ಪ ಇರಬೇಕು. 1000 × 3.75 × 0.15 ಅಂದರೆ 562.5 ಘನ ಮೀಟರ್.

ಆದರೆ ಇದು ರೋಲರ್ ಹೊಡೆದು ಗಟ್ಟಿಯಾದ ಮೇಲಿನ ಅಳತೆ. ಟಿಪ್ಪರ್‌ನಲ್ಲಿ ಬರೋ ಸಾಮಗ್ರಿ ಸಡಿಲವಾಗಿರುತ್ತೆ. ಅಂದಾಜುಪಟ್ಟಿ ಮಾಡುವಾಗ ಅದಕ್ಕೆ ಸಾಮಾನ್ಯವಾಗಿ 1.28ರಿಂದ ಗುಣಿಸ್ತಾರೆ. ಆಗ 720 ಘನ ಮೀಟರ್ ಬೇಕು. 10 ಘನ ಮೀಟರ್ ಹಿಡಿಯೋ ಟಿಪ್ಪರ್ ಆದರೆ 72 ಲೋಡು.

ಯಾರಾದರೂ 562.5 ಅನ್ನೇ ಸಡಿಲ ಲೆಕ್ಕ ಅಂದುಕೊಂಡು 56 ಲೋಡಿಗೆ ನಿಲ್ಲಿಸಿದರೆ ಏನಾಗುತ್ತೆ? ರೋಲರ್ ಹೊಡೆದಾಗ ಉಳಿಯೋದು ಸುಮಾರು 117 ಮಿಲಿಮೀಟರ್. ಮೇಲಿಂದ ನೋಡಿದರೆ ರಸ್ತೆ ಚೆನ್ನಾಗೇ ಕಾಣುತ್ತೆ, ಗೊತ್ತಾಗಲ್ಲ.

ಅದರ ಮೇಲೆ ಡಬ್ಲ್ಯೂಬಿಎಂ. ದಪ್ಪ ಜಲ್ಲಿ ಹರಡಿ ರೋಲರ್ ಹೊಡೀತಾರೆ. ಆಮೇಲೆ ಸಂದುಗಳಿಗೆ ಸಣ್ಣ ಜಲ್ಲಿ ತುಂಬಿ, ನೀರು ಹಾಕಿ, ಮತ್ತೆ ಹೊಡೆದು ಬಿಗಿ ಮಾಡ್ತಾರೆ. ಗಟ್ಟಿಯಾದ ಮೇಲೆ ಪ್ರತಿ ಪದರ 75 ಮಿಲಿಮೀಟರ್. ಇಲ್ಲಿ ಪ್ರತಿ 10 ಚದರ ಮೀಟರಿಗೆ 0.91ರಿಂದ 1.07 ಘನ ಮೀಟರ್ ಸಡಿಲ ದಪ್ಪ ಜಲ್ಲಿ ಬೇಕು. ನಮ್ಮ ರಸ್ತೆ 3750 ಚದರ ಮೀಟರ್. ಹಾಗಾಗಿ ಒಂದು ಪದರಕ್ಕೆ ಸುಮಾರು 341ರಿಂದ 401 ಘನ ಮೀಟರ್. ಸಂದಿಗೆ ತುಂಬೋ ಸಣ್ಣ ಜಲ್ಲಿ ಇದರಲ್ಲಿ ಸೇರಿಲ್ಲ.

ಎರಡು ಪದರ ಇದ್ದರೆ ಒಂದೊಂದಾಗಿ ಹಾಕಬೇಕು. ಎರಡನ್ನೂ ಒಟ್ಟಿಗೆ ಸುರಿದು ಹೊಡೆದರೆ ಮೇಲಿನದು ಮಾತ್ರ ಬಿಗಿಯಾಗುತ್ತೆ, ಕೆಳಗಿನ ಜಲ್ಲಿ ಸಡಿಲವಾಗೇ ಉಳಿದು ಮುಂದೆ ಕುಸಿಯುತ್ತೆ.

ಇನ್ನು ಅಗಲ. ಜಿಎಸ್‌ಬಿ ಕೆಲಸಗಳಲ್ಲಿ ಒಂದು, ನೀರನ್ನು ಪಕ್ಕಕ್ಕೆ ಬಿಡೋದು. ಅದಕ್ಕಾಗಿ ನಕ್ಷೆಯಲ್ಲಿ ಅದನ್ನು ರಸ್ತೆಯ ಅಂಚಿನವರೆಗೂ ತೋರಿಸಿರಬಹುದು. ಅಗಲ 7.5 ಮೀಟರ್ ಅಂತಿದ್ದರೆ ಪ್ರಮಾಣ ನೇರವಾಗಿ ಎರಡರಷ್ಟು, 1125 ಘನ ಮೀಟರ್. ಅದಕ್ಕೇ ಲೆಕ್ಕಕ್ಕೆ ಕೂರುವ ಮೊದಲು ಯಾವ ಪದರಕ್ಕೆ ಯಾವ ಅಗಲ ಅಂತ ನಕ್ಷೆಯಲ್ಲಿ ನೋಡಿಕೊಳ್ಳಿ.

ಪರೀಕ್ಷೆ ಹೇಗೆ? ಸಡಿಲವಾಗಿ ಹರಡಿದಾಗಲೇ ಜಿಎಸ್‌ಬಿ ಸುಮಾರು 19 ಸೆಂಟಿಮೀಟರ್ ಇರಬೇಕು. ರೋಲರ್ ಹೊಡೆದ ಮೇಲೆ, ಡಬ್ಲ್ಯೂಬಿಎಂ ಮುಚ್ಚುವ ಮುಂಚೆ, ಇಂಜಿನಿಯರ್ ಎದುರಲ್ಲೇ ಮಧ್ಯದಲ್ಲೊಂದು, ಅಂಚಿನಲ್ಲೊಂದು ಚಿಕ್ಕ ಗುಂಡಿ ತೋಡಿಸಿ ಸ್ಕೇಲ್ ಇಡಿ. ಅಳತೆ ಪುಸ್ತಕದಲ್ಲಿ ಬರೆಯಬೇಕಾದ್ದು ಈ ಗಟ್ಟಿ ದಪ್ಪ. ಲೋಡು ಎಣಿಸಿ ಬರೆದರೆ ಅದು ಟಿಪ್ಪರ್ ಲೆಕ್ಕ, ರಸ್ತೆ ಲೆಕ್ಕ ಅಲ್ಲ.