ನೆಗಡಿ ಹೇಳಿದರು, ರಕ್ತ ಕೊಟ್ಟಿದ್ದು ಹೇಳಲಿಲ್ಲ

ಕರ್ನಾಟಕದ ಹಳ್ಳಿಗಳಲ್ಲಿ ಗುರುವಾರ ಎಂದರೆ ಮಕ್ಕಳಿಗೆ ಲಸಿಕೆ ಹಾಕುವ ದಿನ. ಅಂಥದೊಂದು ಗುರುವಾರ ಅಂಗನವಾಡಿಯಲ್ಲಿ ನಡೆಯಬಹುದಾದ ಮಾತುಕತೆಯನ್ನು ಊಹಿಸಿಕೊಳ್ಳಿ. ಒಂಬತ್ತೂವರೆ ತಿಂಗಳ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಅಜ್ಜಿ, ಸರದಿ ಬರುವ ಮೊದಲೇ ಹೇಳುತ್ತಾರೆ: “ಮೂಗು ಸುರೀತೈತೆ ಸಿಸ್ಟರ್, ಮೂರು ದಿನದಿಂದ ಆಂಟಿಬಯೋಟಿಕ್ ಬೇರೆ ಕುಡೀತೈತೆ. ಇವತ್ತು ಸೂಜಿ ಬ್ಯಾಡ, ಮುಂದಿನ ತಿಂಗಳು ಬರ್ತೀವಿ.”

ಸಿಸ್ಟರ್ ತಾಯಿ ಕಾರ್ಡ್ ತೆರೆದು ನೋಡುತ್ತಾರೆ. ಆರು ವಾರಕ್ಕೆ ಮತ್ತು ಹತ್ತು ವಾರಕ್ಕೆ ಪೆಂಟಾವೇಲೆಂಟ್ ಆಗಿದೆ. ಹದಿನಾಲ್ಕನೇ ವಾರದ ಮನೆ ಖಾಲಿ, ಆಗ ತಾಯಿ ತವರಿಗೆ ಹೋಗಿದ್ದರಂತೆ. ಒಂಬತ್ತು ತಿಂಗಳಿಗೆ ಹಾಕಬೇಕಾದ ದಡಾರ-ರುಬೆಲ್ಲಾ ಲಸಿಕೆಯೂ ಬಾಕಿ ಇದೆ.

ನೆಗಡಿ, ಕೆಮ್ಮು, ಸಣ್ಣ ಜ್ವರ, ಒಂದೆರಡು ಸಲದ ಭೇದಿ, ಇವು ಯಾವುವೂ ಲಸಿಕೆಯನ್ನು ಮುಂದೂಡಲು ಕಾರಣವಲ್ಲ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ದಡಾರ ಲಸಿಕೆಯಲ್ಲಿರುವುದು ವೈರಾಣು. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಮಗು ಜೋರು ಜ್ವರದಲ್ಲಿ ಬಳಲುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ಆಸ್ಪತ್ರೆಗೆ ಸೇರಿಸುವ ಸ್ಥಿತಿಯಿದ್ದರೆ ಮಾತ್ರ ಚೇತರಿಸಿಕೊಳ್ಳುವವರೆಗೆ ಕಾಯುತ್ತಾರೆ. ಲಸಿಕೆ ಆ ಮಗುವಿಗೆ ಅಪಾಯ ಎಂದಲ್ಲ. ಆಮೇಲೆ ಜ್ವರ ಏರಿದರೆ ಅದು ಕಾಯಿಲೆಯದ್ದೋ ಲಸಿಕೆಯದ್ದೋ ಎಂದು ತಿಳಿಯದೆ ಚಿಕಿತ್ಸೆ ದಾರಿ ತಪ್ಪಬಾರದು ಎಂಬುದು ಕಾರಣ.

ತಪ್ಪಿದ ಮೂರನೇ ಪೆಂಟಾವೇಲೆಂಟ್ ಕಥೆ ಇನ್ನೂ ಸುಲಭ. ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು ಎಂಬ ನಿಯಮವಿದೆ. ಅಂತರ ಹೆಚ್ಚಾಯಿತೆಂದು ಮೊದಲಿನಿಂದ ಶುರುಮಾಡುವ ನಿಯಮವಿಲ್ಲ. ಹಿಂದಿನ ಎರಡು ಡೋಸುಗಳ ನೆನಪು ಮಗುವಿನ ರೋಗನಿರೋಧಕ ವ್ಯವಸ್ಥೆಯಲ್ಲಿ ಉಳಿದಿರುತ್ತದೆ, ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸಿದರಾಯಿತು. ಅವತ್ತೇ ದಡಾರ-ರುಬೆಲ್ಲಾವನ್ನೂ ಕೊಡಬಹುದು. ಒಂದು ತೊಡೆಗೆ, ಇನ್ನೊಂದು ತೋಳಿಗೆ.

ಇಷ್ಟು ಹೊತ್ತಿಗೆ ಅಜ್ಜಿ ಒಪ್ಪಿರುತ್ತಾರೆ. ಆದರೆ ಸಿಸ್ಟರ್ ಇನ್ನೊಂದು ಪ್ರಶ್ನೆ ಕೇಳುತ್ತಾರೆ: “ಈಚೆಗೆ ಮಗೂನ ಆಸ್ಪತ್ರೆಗೆ ಸೇರಿಸಿದ್ರಾ? ರಕ್ತ ಏನಾದ್ರೂ ಕೊಟ್ಟಿದ್ರಾ?” ಹೌದು, ಎರಡು ತಿಂಗಳ ಹಿಂದೆ ತೀವ್ರ ರಕ್ತಹೀನತೆ ಎಂದು ಜಿಲ್ಲಾಸ್ಪತ್ರೆಯಲ್ಲಿ ರಕ್ತ ಹಾಕಿಸಿದ್ದರು. ನೆಗಡಿಯನ್ನು ಕೇಳದೆಯೇ ಹೇಳಿದವರು ಇದನ್ನು ಹೇಳಿರಲಿಲ್ಲ. ನೆಗಡಿಗೂ ಲಸಿಕೆಗೂ ಸಂಬಂಧವಿಲ್ಲ, ರಕ್ತಕ್ಕೂ ಲಸಿಕೆಗೂ ಸಂಬಂಧವಿದೆ. ಅದೂ ಎರಡರಲ್ಲಿ ಒಂದು ಲಸಿಕೆಗೆ ಮಾತ್ರ.

ಕಾರಣ ತಿಳಿಯಲು ಎರಡರ ಒಳಗೆ ಏನಿದೆ ಎಂದು ನೋಡಬೇಕು. ಪೆಂಟಾವೇಲೆಂಟ್‌ನಲ್ಲಿ ಜೀವವಿರುವ ರೋಗಾಣು ಒಂದೂ ಇಲ್ಲ. ನಾಯಿಕೆಮ್ಮಿನದು ಕೊಂದ ಇಡೀ ಬ್ಯಾಕ್ಟೀರಿಯಾ, ಗಂಟಲುಮಾರಿ ಮತ್ತು ಧನುರ್ವಾಯುವಿನದು ನಿರ್ವಿಷಗೊಳಿಸಿದ ವಿಷ, ಉಳಿದೆರಡು ರೋಗಾಣುವಿನ ತುಣುಕುಗಳು. ದಡಾರ-ರುಬೆಲ್ಲಾ ಲಸಿಕೆಯಲ್ಲಿ ಇರುವುದು ದುರ್ಬಲಗೊಳಿಸಿದ, ಆದರೆ ಜೀವಂತ ವೈರಾಣು. ಬಿತ್ತನೆ ಬೀಜದಂತೆ ಅದು ದೇಹದೊಳಗೆ ಮೊಳೆತು ಬೆಳೆದರೆ ಮಾತ್ರ ರಕ್ಷಣೆ ಹುಟ್ಟುತ್ತದೆ. ದಾನಿಯ ರಕ್ತದಲ್ಲಿ ದಡಾರದ ವಿರುದ್ಧದ ಪ್ರತಿಕಾಯಗಳು ಇರುವ ಸಾಧ್ಯತೆ ಹೆಚ್ಚು. ಅವು ಮಗುವಿನ ಮೈಯಲ್ಲಿ ಸುತ್ತುತ್ತಿದ್ದು, ಲಸಿಕೆಯ ವೈರಾಣುವನ್ನು ಬೆಳೆಯುವ ಮೊದಲೇ ಹೊಸಕಿಹಾಕಬಹುದು. ಮಗುವಿಗೆ ಕೇಡಾಗುವುದಿಲ್ಲ, ಡೋಸು ದಂಡವಾಗುತ್ತದೆ. ದಡಾರಕ್ಕೆ ಒಂಬತ್ತು ತಿಂಗಳು ಕಾಯುವುದೂ ಇದೇ ಲೆಕ್ಕದಿಂದ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು ಅಷ್ಟು ಹೊತ್ತಿಗೆ ಕರಗಿರುತ್ತವೆ.

ಹಾಗಾಗಿ ಆ ಮಗುವಿಗೆ ಅವತ್ತು ಪೆಂಟಾವೇಲೆಂಟ್ ಸಲೀಸಾಗಿ ಕೊಡಬಹುದು. ಪೋಲಿಯೋ ಹನಿಯಲ್ಲಿರುವುದೂ ಜೀವಂತ ವೈರಾಣುವೇ, ಆದರೆ ಅದು ಕರುಳಿನಲ್ಲಿ ಬೆಳೆಯುವುದರಿಂದ ಅದಕ್ಕೂ ತಡೆಯಿಲ್ಲ. ದಡಾರ-ರುಬೆಲ್ಲಾ ವಿಚಾರ ವೈದ್ಯರಿಗೆ ಬಿಟ್ಟದ್ದು. ಕೆಂಪುಕಣ ಕೊಟ್ಟಿದ್ದರೆ ಸಾಮಾನ್ಯವಾಗಿ ಆರು ತಿಂಗಳು ಕಾಯಲು ಹೇಳುತ್ತಾರೆ, ಪ್ಲೇಟ್‌ಲೆಟ್ ಅಥವಾ ಪ್ಲಾಸ್ಮಾ ಕೊಟ್ಟಿದ್ದರೆ ಏಳು. ಆದರೆ ಊರಲ್ಲಿ ದಡಾರ ಕಾಣಿಸಿಕೊಂಡಿದ್ದರೆ ಅಷ್ಟು ಕಾಯುವುದು ಜಾಣತನವಲ್ಲ. ಈಗಲೇ ಕೊಟ್ಟು, ಆ ಡೋಸನ್ನು ಲೆಕ್ಕಕ್ಕೆ ಹಿಡಿಯದೆ ಅವಧಿ ಮುಗಿದ ಮೇಲೆ ಮತ್ತೊಮ್ಮೆ ಕೊಡುವ ದಾರಿಯಿದೆ.

ಅಂತರದ ಲೆಕ್ಕದಲ್ಲೂ ಜೀವಂತ ಲಸಿಕೆಗಳದ್ದೇ ತಕರಾರು. ಚುಚ್ಚುವ ಎರಡು ಜೀವಂತ ಲಸಿಕೆಗಳನ್ನು ಒಂದೇ ದಿನ ಕೊಡಬೇಕು, ಇಲ್ಲವೇ ನಾಲ್ಕು ವಾರ ಬಿಡಬೇಕು. ಮಿದುಳು ಜ್ವರದ ಹಾವಳಿಯಿರುವ ಜಿಲ್ಲೆಗಳಲ್ಲಿ ಒಂಬತ್ತನೇ ತಿಂಗಳಿಗೆ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆಯೂ ಸೇರುತ್ತದೆ. ಅದರಲ್ಲಿ ಜೀವಂತ ಬಗೆಯೂ ಇದೆ, ನಿಷ್ಕ್ರಿಯ ಬಗೆಯೂ ಇದೆ. ನಿಷ್ಕ್ರಿಯ ಬಗೆಗಳಲ್ಲಿ ಒಂದನ್ನು ತಯಾರಿಸಿದ್ದು ನಮ್ಮ ಕೋಲಾರದಲ್ಲಿ ಸಿಕ್ಕ ವೈರಾಣು ತಳಿಯಿಂದಲೇ! ನಿಷ್ಕ್ರಿಯ ಲಸಿಕೆಗೆ ಪಕ್ಕದ ಲಸಿಕೆಯಿಂದ ಇಷ್ಟು ದಿನ ದೂರವಿರಬೇಕೆಂಬ ಕಟ್ಟುಪಾಡಿಲ್ಲ.

ಹಾಗಾದರೆ ನಿಜಕ್ಕೂ ಕೊಡಲೇಬಾರದ ಸಂದರ್ಭಗಳು ಯಾವುವು? ಪಟ್ಟಿ ಅಚ್ಚರಿಪಡುವಷ್ಟು ಚಿಕ್ಕದು. ಹಿಂದಿನ ಡೋಸಿನ ನಂತರ ನಿಮಿಷಗಳಲ್ಲೋ ಗಂಟೆಗಳಲ್ಲೋ ಮೈಯೆಲ್ಲ ದದ್ದೆದ್ದು, ಮುಖ ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದಿದ್ದರೆ ಆ ಲಸಿಕೆ ಮತ್ತೆ ಇಲ್ಲ. ಪೆಂಟಾವೇಲೆಂಟ್ ಕೊಟ್ಟ ಏಳು ದಿನದೊಳಗೆ ಬೇರೆ ಕಾರಣವಿಲ್ಲದೆ ಮಗು ಪ್ರಜ್ಞೆ ತಪ್ಪಿ ಮಿದುಳಿನ ತೊಂದರೆಗೆ ಒಳಗಾಗಿದ್ದರೆ ನಾಯಿಕೆಮ್ಮಿನ ಅಂಶವಿರುವ ಲಸಿಕೆ ಇಲ್ಲ. ಚಿಕ್ಕಪ್ಪನಿಗೆ ಫಿಟ್ಸ್ ಇತ್ತು ಎಂಬುದು ಈ ಪಟ್ಟಿಗೆ ಸೇರುವುದಿಲ್ಲ. ಮೊಟ್ಟೆ ತಿಂದರೆ ತುರಿಕೆ ಬರುತ್ತದೆ ಎಂಬುದೂ ದಡಾರ ಲಸಿಕೆಗೆ ಅಡ್ಡಿಯಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೂ ವಾರಗಳನ್ನು ಎಣಿಸುವುದು ಹುಟ್ಟಿದ ದಿನದಿಂದಲೇ.

ಮೂರನೆಯದು ಮಾತ್ರ ಜೀವಂತ ಲಸಿಕೆಗಳಿಗೇ ಮೀಸಲು, ಮತ್ತು ಹೆಚ್ಚು ಮರೆತುಹೋಗುವುದೂ ಅದೇ. ಕೆಲವು ಮಕ್ಕಳು ರೋಗನಿರೋಧಕ ವ್ಯವಸ್ಥೆಯ ತೀವ್ರ ಜನ್ಮದೋಷದೊಂದಿಗೆ ಹುಟ್ಟುತ್ತಾರೆ. ದುರ್ಬಲ ರೋಗಾಣುವೂ ಅವರಲ್ಲಿ ಲಂಗುಲಗಾಮಿಲ್ಲದೆ ಬೆಳೆಯಬಲ್ಲದು. ಕ್ಷಯದ ವಿರುದ್ಧದ ಬಿಸಿಜಿ ಜೀವಂತ ಲಸಿಕೆ, ಅದನ್ನು ಹಾಕುವುದು ಹುಟ್ಟಿದ ಕೂಡಲೇ. ಆಗ ಈ ದೋಷದ ಯಾವ ಕುರುಹೂ ಹೊರಗೆ ಕಾಣುವುದಿಲ್ಲ. ಸಿಗುವ ಸುಳಿವು ಮನೆಯ ಚರಿತ್ರೆಯಲ್ಲಿರುತ್ತದೆ: ಮೊದಲ ಮಗು ವರ್ಷ ತುಂಬುವುದರೊಳಗೆ ಮತ್ತೆ ಮತ್ತೆ ನ್ಯುಮೋನಿಯಾ, ನಿಲ್ಲದ ಭೇದಿ ಎಂದು ತೀರಿಹೋಗಿತ್ತೇ? ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಕಡೆ ಇದನ್ನು ಕೇಳಲೇಬೇಕು, ಏಕೆಂದರೆ ಇಂಥ ಕೆಲವು ದೋಷಗಳು ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಯಿಲೆಯಾಗುತ್ತವೆ.

ಲಸಿಕೆಯ ನಂತರದ ಜ್ವರವೂ ಇದೇ ಜಾಡಿನಲ್ಲಿ ನಡೆಯುತ್ತದೆ. ಪೆಂಟಾವೇಲೆಂಟ್ ಜ್ವರ ಅವತ್ತೋ ಮಾರನೆಯ ದಿನವೋ ಬಂದು ಎರಡು ದಿನದಲ್ಲಿ ಇಳಿಯುತ್ತದೆ. ದಡಾರ ಲಸಿಕೆಯ ಜ್ವರ, ಕೆಲವೊಮ್ಮೆ ಸಣ್ಣ ದದ್ದು, ಆರರಿಂದ ಹನ್ನೆರಡನೇ ದಿನದ ನಡುವೆ ಬರುತ್ತದೆ, ವೈರಾಣು ಬೆಳೆಯಲು ಅಷ್ಟು ದಿನ ಬೇಕು. ಬಿಸಿಜಿ ಹಾಕಿದ ತೋಳಿನಲ್ಲಿ ಗುಳ್ಳೆ ಏಳಲು ವಾರಗಳೇ ಬೇಕು. ಅದು ಒಡೆದು ಒಣಗಿ ಕಲೆಯಾಗುತ್ತದೆ, ಮುಲಾಮು ಹಚ್ಚುವ ಕೆಲಸವಿಲ್ಲ.

ಮಗುವನ್ನು ಲಸಿಕೆಗೆ ಒಯ್ಯುವಾಗ ತಾಯಿ ಕಾರ್ಡಿನ ಜೊತೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೂ ಇಟ್ಟುಕೊಳ್ಳಿ. ರಕ್ತ ಕೊಟ್ಟಿದ್ದರೆ, ಹಿಂದಿನ ಡೋಸಿಗೆ ಉಸಿರು ಕಟ್ಟಿದ್ದರೆ, ಮನೆಯಲ್ಲಿ ಹಿಂದೊಂದು ಕೂಸು ಸೋಂಕುಗಳಿಂದ ತೀರಿಕೊಂಡಿದ್ದರೆ, ಸಿಸ್ಟರ್ ಕೇಳುವ ಮೊದಲೇ ಹೇಳಿ.