ಸೆರಗೇ ಸೆರಗೇ ಎಲ್ಲಿದ್ದೀ?

ಮೆಲ್ಬರ್ನ್ ನಗರದ ರೈಲಿನವರು 2012ರಲ್ಲಿ ಸುರಕ್ಷತೆಗೊಂದು ಹಾಡು ಮಾಡಿಸಿದರು. ಪೆದ್ದುತನದ ಸಾವುಗಳನ್ನೆಲ್ಲ ತಮಾಷೆಯಾಗಿ ಹಾಡಿ, ರೈಲಿನ ವಿಷಯ ತಂದದ್ದು ಕೊನೆಗೆ. ಜಗತ್ತೇ ಗುನುಗಿತು!

ನಮ್ಮ ನಗರದ ರಸ್ತೆ ಸುರಕ್ಷತಾ ಸಪ್ತಾಹಕ್ಕೆ ಹಾಡು ಬೇಕೆಂದಾಗ ನಾನು ಮೊದಲು ಬರೆದದ್ದು, ‘ಬೈಕಿನಲ್ಲಿ ಸೆರಗು ಇಳಿಬಿಡಬೇಡಿ’. ಮಗಳು ಆಕಳಿಸಿದಳು. ಆಮೇಲೆ ಹೊಳೆಯಿತು ನೋಡಿ:

‘ಸೆರಗೇ ಸೆರಗೇ ಎಲ್ಲಿದ್ದೀ?
ಚಕ್ರದ ಪಕ್ಕದಲ್ಲಿದ್ದೀ!’

ಇದರಲ್ಲಿ ‘ಬೇಡಿ’ ಇಲ್ಲ, ಬರೀ ಪ್ರಶ್ನೆ. ಕೇಳಿದ ಕೂಡಲೇ ಕೈ ತಾನಾಗಿಯೇ ಸೆರಗಿಗೆ ಹೋಗುತ್ತೆ. ಸೀರೆ ಗಾರ್ಡ್ ಇದೆಯಲ್ಲ ಅಂತೀರಾ? ಅದು ಸಾಮಾನ್ಯವಾಗಿ ಎಡಗಡೆ ಮಾತ್ರ. ಗಾಳಿಗೆ ಹಾರಿದ ಸೆರಗು ಬಲಗಡೆ ಚಕ್ರದ ಕಡ್ಡಿಗೆ ಸಿಕ್ಕೀತು, ಕ್ಷಣದಲ್ಲಿ ಎಳೆದು ಬೀಳಿಸೀತು. ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿದರೆ ಸರಿ. ಎರಡನೇ ಚರಣ ದುಪಟ್ಟಾಗೆ, ಮಗಳೇ ಬರೀತಿದ್ದಾಳೆ.