ಇಬ್ಬರನ್ನೂ ಸೋಲಿಸಬಲ್ಲವನು ಮೂರನೆಯವನಾದ ಕಥೆ

2022ರ ಆಗಸ್ಟ್ 16ರಂದು ಅಮೆರಿಕದ ಅಲಾಸ್ಕ ರಾಜ್ಯದಲ್ಲಿ ಒಂದು ಉಪಚುನಾವಣೆ ನಡೆಯಿತು. ಸುಮಾರು ಅರ್ಧ ಶತಮಾನ ಆ ರಾಜ್ಯದ ಏಕೈಕ ಸಂಸದರಾಗಿದ್ದ ಡಾನ್ ಯಂಗ್ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಕಣದಲ್ಲಿದ್ದವರು ಮುಖ್ಯವಾಗಿ ಮೂವರು: ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ, ರಿಪಬ್ಲಿಕನ್ ಪಕ್ಷದ ಸಾರಾ ಪೇಲಿನ್ ಮತ್ತು ಅದೇ ಪಕ್ಷದ ನಿಕ್ ಬೆಗಿಚ್. ಪೇಲಿನ್ ಮಾಜಿ ಗವರ್ನರ್. 2008ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ದೇಶಕ್ಕೆಲ್ಲ ಪರಿಚಿತರಾಗಿದ್ದವರು. ಅವರನ್ನು ಮೆಚ್ಚುವವರಷ್ಟೇ ಗಟ್ಟಿಯಾಗಿ ಬೇಡವೆನ್ನುವವರೂ ಇದ್ದರು.

ಅಲ್ಲಿ ಮತ ಹಾಕುವ ಕ್ರಮ ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆಯನ್ನು ಹೋಲುತ್ತದೆ. ಮತದಾರ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುತ್ತಾನೆ. ಯಾರಿಗೂ ಬಹುಮತ ಬಾರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಪೆಲ್ಟೋಲಾಗೆ 75,799, ಪೇಲಿನ್‌ಗೆ 58,973, ಬೆಗಿಚ್‌ಗೆ 53,810 ಮತ ಬಂದವು. ಬೆಗಿಚ್ ಹೊರಬಿದ್ದರು. ಅವರ ಬೆಂಬಲಿಗರಲ್ಲಿ ಅರ್ಧದಷ್ಟು ಜನ ಮಾತ್ರ ಪೇಲಿನ್ ಕಡೆ ಹೋದರು. 15,467 ಮಂದಿ ಪಕ್ಷದ ಗೆರೆ ದಾಟಿ ಪೆಲ್ಟೋಲಾ ಕೈಹಿಡಿದರು. 11 ಸಾವಿರಕ್ಕೂ ಹೆಚ್ಚು ಜನ ಎರಡನೆಯ ಹೆಸರನ್ನೇ ಬರೆದಿರಲಿಲ್ಲ. ಕೊನೆಗೆ ಪೆಲ್ಟೋಲಾ 91,266, ಪೇಲಿನ್ 86,026. ಅಲಾಸ್ಕದ ಮೂಲನಿವಾಸಿ ಸಮುದಾಯದಿಂದ ಅಮೆರಿಕದ ಸಂಸತ್ತಿಗೆ ಹೋದ ಮೊದಲಿಗರು ಪೆಲ್ಟೋಲಾ.

ಅಲಾಸ್ಕ ಒಂದೊಂದು ಮತಪತ್ರದಲ್ಲಿ ಯಾವ ಕ್ರಮವಿತ್ತು ಎಂಬ ದತ್ತಾಂಶವನ್ನು ಪ್ರಕಟಿಸುತ್ತದೆ. ಮತದಾರರ ಗುರುತು ಮಾತ್ರ ಅದರಲ್ಲಿರುವುದಿಲ್ಲ. ಆದ್ದರಿಂದ ಅವೇ ಮತಪತ್ರಗಳಿಗೆ ಬೇರೆ ಪ್ರಶ್ನೆ ಕೇಳಲು ಸಾಧ್ಯವಾಯಿತು. ಪೇಲಿನ್ ಇಲ್ಲವೇ ಇಲ್ಲ ಎಂದುಕೊಂಡು ಬೆಗಿಚ್ ಮತ್ತು ಪೆಲ್ಟೋಲಾ ಇಬ್ಬರನ್ನೇ ನೋಡಿದರೆ, ಬೆಗಿಚ್ ಹೆಸರನ್ನು ಮೇಲಿಟ್ಟವರು ಸುಮಾರು 88 ಸಾವಿರ, ಪೆಲ್ಟೋಲಾ ಹೆಸರನ್ನು ಮೇಲಿಟ್ಟವರು 80 ಸಾವಿರಕ್ಕೆ ತುಸು ಕಡಿಮೆ. ಬೆಗಿಚ್ ಮತ್ತು ಪೇಲಿನ್ ಜೋಡಿಯಲ್ಲಂತೂ ಅಂತರ ದೊಡ್ಡದು: ಒಂದು ಲಕ್ಷ ದಾಟಿದ ಬೆಗಿಚ್ ಎದುರು ಪೇಲಿನ್‌ಗೆ 64 ಸಾವಿರವೂ ಇಲ್ಲ. ಅಂದರೆ ಇಬ್ಬರಲ್ಲಿ ಯಾರನ್ನು ಎದುರು ನಿಲ್ಲಿಸಿದರೂ ಗೆಲ್ಲುತ್ತಿದ್ದ ಅಭ್ಯರ್ಥಿಯೇ ಎಲ್ಲರಿಗಿಂತ ಮೊದಲು ಮನೆಗೆ ಹೋಗಿದ್ದರು.

ಹೀಗೆ ಪ್ರತಿಯೊಬ್ಬ ಎದುರಾಳಿಯನ್ನೂ ಮುಖಾಮುಖಿಯಲ್ಲಿ ಸೋಲಿಸುವವರಿಗೆ ‘ಕೊಂದೋರ್ಸೆ ವಿಜೇತ’ ಎಂಬ ಹೆಸರಿದೆ. ಕೊಂದೋರ್ಸೆ ಫ್ರಾನ್ಸಿನ ಗಣಿತಜ್ಞ. ಬಹುಮತದ ತೀರ್ಮಾನಗಳ ಗಣಿತ ಕುರಿತು 1785ರಲ್ಲಿ ಗ್ರಂಥ ಬರೆದವನು, ಫ್ರೆಂಚ್ ಕ್ರಾಂತಿಯ ಗೊಂದಲದಲ್ಲಿ 1794ರಲ್ಲಿ ಸೆರೆಯಲ್ಲಿ ಸತ್ತವನು. ಅವನ ಎಣಿಕೆ ಲೀಗ್ ಪಂದ್ಯಾವಳಿಯಂತೆ. ಪ್ರತಿ ಅಭ್ಯರ್ಥಿಯೂ ಪ್ರತಿಯೊಬ್ಬರ ಜೊತೆ ಒಂದು ‘ಪಂದ್ಯ’ ಆಡಬೇಕು, ಆದರೆ ಮತದಾರ ಮತ್ತೆ ಬೂತಿಗೆ ಬರಬೇಕಿಲ್ಲ. ಅವನ 1, 2, 3ರಲ್ಲೇ ಎಲ್ಲ ಪಂದ್ಯಗಳ ಫಲಿತಾಂಶವೂ ಅಡಗಿದೆ. ಅಲಾಸ್ಕದ ಎಣಿಕೆ ಕೇಳಿದ್ದು ಒಂದೇ ಜೋಡಿಯ ಪ್ರಶ್ನೆ. ಉಳಿದೆರಡು ಜೋಡಿಗಳನ್ನು ಅದು ಕೇಳಲೇ ಇಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಪೇಲಿನ್ ಅವರನ್ನು ಮೊದಲು, ಬೆಗಿಚ್ ಅವರನ್ನು ಎರಡನೆಯದಾಗಿ ಬರೆದವರಲ್ಲಿ ಸುಮಾರು ಆರು ಸಾವಿರ ಜನ ಅಂದು ಮನೆಯಲ್ಲೇ ಉಳಿದಿದ್ದರೆ, ಮೂರನೆಯ ಸ್ಥಾನಕ್ಕೆ ಜಾರಿ ಹೊರಹೋಗುತ್ತಿದ್ದವರು ಪೇಲಿನ್. ಆಗ ಕೊನೆಯ ಸುತ್ತಿನಲ್ಲಿ ಬೆಗಿಚ್ ಎರಡು ಸಾವಿರಕ್ಕೂ ಹೆಚ್ಚು ಮತಗಳಿಂದ ಪೆಲ್ಟೋಲಾ ಅವರನ್ನು ಸೋಲಿಸುತ್ತಿದ್ದರು. ಆ ಆರು ಸಾವಿರ ಜನ ಮತ ಹಾಕಿದ್ದರಿಂದಲೇ ತಮಗೆ ಎಲ್ಲರಿಗಿಂತ ಬೇಡವಾದವರನ್ನು ಗೆಲ್ಲಿಸಿಕೊಂಡರು. ಇದರಲ್ಲಿ ಯಾರ ಮೋಸವೂ ಇರಲಿಲ್ಲ, ನಿಯಮ ಅಕ್ಷರಶಃ ಪಾಲನೆಯಾಗಿತ್ತು.

ನಮ್ಮ ದೇಶದಲ್ಲಿ ಇಂಥ ಮರುಪರಿಶೀಲನೆಗೆ ದಾರಿಯಿಲ್ಲ. 1969ರ ರಾಷ್ಟ್ರಪತಿ ಚುನಾವಣೆಯನ್ನೇ ನೋಡಿ. ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ಹೊತ್ತಿನಲ್ಲಿ ಅಭ್ಯರ್ಥಿಯಾಗಿ ಆಯ್ಕೆಯಾದ ಸಂಜೀವ ರೆಡ್ಡಿ, ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ವಿ.ವಿ. ಗಿರಿ, ಮೂರನೆಯವರಾಗಿ ಸಿ.ಡಿ. ದೇಶಮುಖ್. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಉಳಿದವರ ಎರಡನೆಯ ಪ್ರಾಶಸ್ತ್ಯ ಸೇರಿದ ಮೇಲೆ ಗಿರಿ 4,20,077 ಮತಮೌಲ್ಯ ಪಡೆದು, 4,05,427 ಪಡೆದ ರೆಡ್ಡಿ ಅವರನ್ನು ಸೋಲಿಸಿದರು. ಗಿರಿ ಮತ್ತು ರೆಡ್ಡಿ ಬೆಂಬಲಿಗರ ಎರಡನೆಯ ಪ್ರಾಶಸ್ತ್ಯ ಯಾರಿಗಿತ್ತು? ಅದನ್ನು ಎಣಿಸುವ ಅಗತ್ಯ ನಿಯಮಕ್ಕೆ ಬೀಳಲಿಲ್ಲ. ಹಾಗಾಗಿ ದೇಶಮುಖ್ ಇಬ್ಬರಲ್ಲೊಬ್ಬರನ್ನು ನೇರ ಹಣಾಹಣಿಯಲ್ಲಿ ಸೋಲಿಸುತ್ತಿದ್ದರೇ ಎಂಬುದು ಪ್ರಕಟವಾದ ಅಂಕಿಗಳಿಂದ ತಿಳಿಯುವಂತಿಲ್ಲ.

ಹಾಗಾದರೆ ಎಲ್ಲ ಜೋಡಿಗಳನ್ನೂ ಎಣಿಸಿ, ಎಲ್ಲರನ್ನೂ ಸೋಲಿಸಿದವರನ್ನೇ ಆರಿಸಿದರಾಯಿತಲ್ಲ? ಅಡ್ಡಿ ಇದೆ, ಅದನ್ನು ಕಂಡವನೂ ಕೊಂದೋರ್ಸೆಯೇ. ಮೂವರು ಸದಸ್ಯರ ಒಂದು ಸಮಿತಿಯಲ್ಲಿ ಅನುದಾನ ರಸ್ತೆಗೋ, ಶಾಲೆಗೋ, ಕೆರೆಗೋ ಎಂಬ ಚರ್ಚೆ ಎಂದುಕೊಳ್ಳಿ. ಮೊದಲನೆಯವರ ಕ್ರಮ ರಸ್ತೆ, ಶಾಲೆ, ಕೆರೆ. ಎರಡನೆಯವರದು ಶಾಲೆ, ಕೆರೆ, ರಸ್ತೆ. ಮೂರನೆಯವರದು ಕೆರೆ, ರಸ್ತೆ, ಶಾಲೆ. ಶಾಲೆಗಿಂತ ರಸ್ತೆ ಮೇಲು ಎನ್ನುವವರು ಇಬ್ಬರು. ಕೆರೆಗಿಂತ ಶಾಲೆ ಮೇಲು ಎನ್ನುವವರೂ ಇಬ್ಬರು. ರಸ್ತೆಗಿಂತ ಕೆರೆ ಮೇಲು ಎನ್ನುವವರೂ ಇಬ್ಬರೇ! ಒಬ್ಬೊಬ್ಬ ಸದಸ್ಯರ ಮನಸ್ಸಿನಲ್ಲೂ ಗೊಂದಲವಿಲ್ಲ, ಸಮಿತಿಯ ಮನಸ್ಸು ಮಾತ್ರ ಚಕ್ರದಂತೆ ತಿರುಗುತ್ತದೆ. ಇಂಥ ಹೊತ್ತಿನಲ್ಲಿ ಅಧ್ಯಕ್ಷರು ಜಾಣರಾದರೆ ಗೆಲುವು ಅವರ ಕೈಯಲ್ಲಿ. ಕೆರೆ ಬೇಕೆಂದರೆ ರಸ್ತೆ ಮತ್ತು ಶಾಲೆಯನ್ನು ಮೊದಲು ಮತಕ್ಕೆ ಹಾಕಿ, ಗೆದ್ದದ್ದನ್ನು ಕೆರೆಯ ಎದುರು ನಿಲ್ಲಿಸಿದರೆ ಸಾಕು. ಶಾಲೆ ಬೇಕೆಂದರೆ ಶಾಲೆಯನ್ನು ಕೊನೆಗಿಡಬೇಕು.

ಮೂವರು ಮತದಾರರು ಮನಬಂದಂತೆ ಕ್ರಮ ಬರೆದರೆ ಒಟ್ಟು 216 ಬಗೆ ಸಾಧ್ಯ. ಅವುಗಳಲ್ಲಿ ಚಕ್ರವಾಗುವವು 12. ನಿಜವಾದ ಚುನಾವಣೆಗಳಲ್ಲಿ ಚಕ್ರ ಇನ್ನೂ ಅಪರೂಪ, ಏಕೆಂದರೆ ಜನ ಮನಬಂದಂತೆ ಬರೆಯುವುದಿಲ್ಲ. ಅಭ್ಯರ್ಥಿಗಳನ್ನು ಎಡದಿಂದ ಬಲಕ್ಕೆ ಒಂದೇ ಗೆರೆಯ ಮೇಲೆ ಜೋಡಿಸಿ, ಪ್ರತಿ ಮತದಾರನೂ ತನಗೆ ಹತ್ತಿರದವರಿಂದ ದೂರದವರತ್ತ ಎಣಿಸುತ್ತ ಹೋದರೆ ಚಕ್ರ ಹುಟ್ಟಲಾರದು. ನಟ್ಟನಡುವಿನ ಮತದಾರನಿಗೆ ಹಿಡಿಸಿದವರು ಎಲ್ಲ ಜೋಡಿಗಳನ್ನೂ ಗೆಲ್ಲುತ್ತಾರೆ. ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಡಂಕನ್ ಬ್ಲ್ಯಾಕ್ 1948ರಲ್ಲಿ ತೋರಿಸಿದ್ದು ಇದನ್ನೇ. ಬೆಗಿಚ್ ನಿಂತಿದ್ದೂ ಹೆಚ್ಚುಕಡಿಮೆ ಅಂಥ ನಡುವಿನಲ್ಲಿ.

ಗೆರೆ ಒಂದೇ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2021ರ ಮಿನಿಯಾಪೊಲಿಸ್ ನಗರಸಭೆಯ ಎರಡನೆಯ ವಾರ್ಡ್ ಉದಾಹರಣೆ. ಹಾಲಿ ಸದಸ್ಯ, ಗ್ರೀನ್ ಪಕ್ಷದ ಕ್ಯಾಮ್ ಗಾರ್ಡನ್; ಸಮಾಜವಾದಿ ರಾಬಿನ್ ವರ್ಲೋಬಾ; ಡೆಮಾಕ್ರಟಿಕ್ ಬಣದ ಯೂಸ್ರಾ ಅರಬ್. ಗಾರ್ಡನ್ ಮೂರನೆಯವರಾಗಿ ಹೊರಬಿದ್ದು, ಕೊನೆಯ ಸುತ್ತಿನಲ್ಲಿ ವರ್ಲೋಬಾ ಕೇವಲ 19 ಮತಗಳಿಂದ ಅರಬ್ ಅವರನ್ನು ಸೋಲಿಸಿದರು. ಮತಪತ್ರಗಳನ್ನು ಜೋಡಿ ಜೋಡಿಯಾಗಿ ಎಣಿಸಿದಾಗ ಅರಬ್ ಗಾರ್ಡನ್‌ರನ್ನೂ, ಗಾರ್ಡನ್ ವರ್ಲೋಬಾರನ್ನೂ ಸೋಲಿಸಿದ್ದು ಕಂಡಿತು. ಯಾರನ್ನು ಆರಿಸಿದ್ದರೂ ಅವರ ಬದಲು ಇನ್ನೊಬ್ಬರೇ ವಾಸಿ ಎನ್ನುವ ಬಹುಮತ ಅಲ್ಲಿತ್ತು. ಈ ಗೊಂದಲವನ್ನು ಎಣಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಚಕ್ರ ಇದ್ದದ್ದು ಮತದಾರರ ಅಭಿಪ್ರಾಯಗಳಲ್ಲೇ.

ಆದ್ದರಿಂದ ಜೋಡಿ ಎಣಿಕೆ ಬಳಸುವವರು ಚಕ್ರ ಬಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಡಬೇಕು. ಸರಳವಾದ ದಾರಿ, ಅತಿ ಕಡಿಮೆ ಅಂತರದ ಗೆಲುವನ್ನು ಲೆಕ್ಕದಿಂದ ಬಿಡುವುದು. ಆಗ ಚಕ್ರ ಒಡೆದು, ಸೋಲಿಲ್ಲದವರೊಬ್ಬರು ಉಳಿಯುತ್ತಾರೆ. ಡೆಬಿಯನ್ ಎಂಬ ಉಚಿತ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟುವ ಜಗತ್ತಿನ ಹಲವು ದೇಶಗಳ ಸ್ವಯಂಸೇವಕರು 2003ರಿಂದ ಹೀಗೆಯೇ ಮತ ಎಣಿಸುತ್ತಾರೆ. ಅವರು ಬಳಸುವ ಶುಲ್ಜೆ ವಿಧಾನ ಇದೇ ಉಪಾಯದ ಇನ್ನೂ ಸೂಕ್ಷ್ಮ ರೂಪ. ಅವರ ಮತಪತ್ರದಲ್ಲಿ ‘ಇವರಾರೂ ಬೇಡ’ ಎಂಬುದೂ ಒಬ್ಬ ಸ್ಪರ್ಧಿ, ಅದನ್ನು ಸೋಲಿಸಲಾಗದವರು ಜೋಡಿಗಳ ಲೆಕ್ಕ ಶುರುವಾಗುವ ಮೊದಲೇ ಹೊರಗೆ.